ತಲೆಬರಹ ಗೆದ್ದದ್ದು ನಿಜವೇ?

ಒಂದೇ ಸುದ್ದಿಗೆ ಎರಡು ತಲೆಬರಹ ಬರೆದು, ಯಾವುದನ್ನು ಓದುಗರು ಹೆಚ್ಚು ಕ್ಲಿಕ್ ಮಾಡುತ್ತಾರೆಂದು ಪರೀಕ್ಷಿಸುವ ಪದ್ಧತಿ ಅಂತರಜಾಲದ ಸುದ್ದಿತಾಣಗಳಲ್ಲಿದೆ. ಬಂದ ಪ್ರತಿ ಓದುಗನಿಗೂ ಕಂಪ್ಯೂಟರು ನಾಣ್ಯ ಚಿಮ್ಮಿದಂತೆ ಎರಡರಲ್ಲೊಂದನ್ನು ತೋರಿಸುತ್ತದೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂದು ತೋರಿಸಿದರೆ ಆಗದು. ಆಗ ಗೆದ್ದದ್ದು ತಲೆಬರಹವೋ, ಸಂಜೆಯ ಬಿಡುವೋ ಹೇಳಲಾಗುವುದಿಲ್ಲ.

ಒಂದು ಲೆಕ್ಕ ನೋಡಿ. ‘ಪರೀಕ್ಷಾ ಶುಲ್ಕ ಏರಿಕೆ’ ಎಂಬ ತಲೆಬರಹವನ್ನು 5,000 ಜನರಿಗೆ ತೋರಿಸಿದಾಗ 100 ಕ್ಲಿಕ್ ಬಂದವು. ‘ಪರೀಕ್ಷೆಗೆ ಇನ್ನು ಎಷ್ಟು ಕಟ್ಟಬೇಕು?’ ಎಂಬುದಕ್ಕೆ ಅಷ್ಟೇ ಜನರಿಂದ 125 ಬಂದವು. ನೂರಕ್ಕೆ 25ರಷ್ಟು ಹೆಚ್ಚು! ಸಂಪಾದಕರು ಹಿಗ್ಗುವುದು ಸಹಜ. ಆದರೆ ಒಂದೇ ತಲೆಬರಹವನ್ನು ಎರಡೂ ಗುಂಪಿಗೆ ತೋರಿಸಿದ್ದರೂ ಎಣಿಕೆಗಳು ಸಮನಾಗಿ ಬರುತ್ತಿರಲಿಲ್ಲ. ಹಾಗೆ ತಾನಾಗಿ ಬರುವ ವ್ಯತ್ಯಾಸ ಎಷ್ಟಿರಬಹುದು?

ಗುಂಪುಗಳು ಸಮನಾಗಿದ್ದು, ಕ್ಲಿಕ್ ಮಾಡುವವರು ನೂರಕ್ಕೆ ಕೆಲವರೇ ಆದಾಗ ಇದಕ್ಕೊಂದು ಸುಲಭ ಅಳತೆಯಿದೆ. ಎರಡೂ ಎಣಿಕೆಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಇಲ್ಲಿ ಮೊತ್ತ 225, ವರ್ಗಮೂಲ 15. ಅದರ ಎರಡರಷ್ಟು, ಅಂದರೆ 30ರವರೆಗಿನ ವ್ಯತ್ಯಾಸ ಬರಿಯ ಆಕಸ್ಮಿಕದಿಂದಲೂ ಬರುತ್ತದೆ; 20 ಪರೀಕ್ಷೆಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ಅದನ್ನು ಮೀರುತ್ತದೆ. ನಮ್ಮ 25 ಅದರೊಳಗೇ ಇದೆ, ಗೆಲುವನ್ನು ನಂಬುವಂತಿಲ್ಲ. ಅದೇ 20,000 ಜನರ ಎರಡು ಗುಂಪುಗಳಲ್ಲಿ 400 ಮತ್ತು 500 ಬಂದಿದ್ದರೆ? ವ್ಯತ್ಯಾಸ 100, ವರ್ಗಮೂಲ 30. ಮೂರು ಪಟ್ಟು ಮೀರಿತು, ನಂಬಬಹುದು. ಆದರೆ ಎಷ್ಟು ಜನರಿಗೆ ತೋರಿಸಬೇಕೆಂದು ಮೊದಲೇ ಗೊತ್ತುಮಾಡಿರಬೇಕು. ಗಂಟೆಗೊಮ್ಮೆ ಇಣುಕಿ, ಬೇಕಾದ ಅಂಕಿ ಕಂಡ ಕೂಡಲೇ ಪರೀಕ್ಷೆ ನಿಲ್ಲಿಸುವವನಿಗೆ ಸುಳ್ಳು ಗೆಲುವು ಬಹಳ ಸಲ ಸಿಕ್ಕೀತು.

ಇಷ್ಟೆಲ್ಲ ಸರಿಯಿದ್ದರೂ ನಾಣ್ಯವೇ ಸೊಟ್ಟಗಿದ್ದರೆ? ಅಮೆರಿಕದ ‘ಅಪ್‌ವರ್ದಿ’ ತಾಣ ನಡೆಸಿದ ಇಂಥ 32,487 ಪರೀಕ್ಷೆಗಳ ದಾಖಲೆಯನ್ನು 2021ರಲ್ಲಿ ಸಂಶೋಧಕರಿಗಾಗಿ ಪ್ರಕಟಿಸಲಾಯಿತು. ಆಮೇಲೆ ಒಂದು ದೋಷ ಕಣ್ಣಿಗೆ ಬಿತ್ತು. 2013ರ ಜೂನ್‌ನಿಂದ 2014ರ ಜನವರಿವರೆಗಿನ ಹಲವು ಪರೀಕ್ಷೆಗಳಲ್ಲಿ ಓದುಗರ ಹಂಚಿಕೆಯೇ ಸಮನಾಗಿ ಆಗಿರಲಿಲ್ಲ.

ಇದನ್ನು ಹಿಡಿಯಲು ಕ್ಲಿಕ್‌ಗಳನ್ನು ನೋಡಬೇಕಾಗಿಲ್ಲ, ಎಷ್ಟು ಜನರಿಗೆ ತೋರಿಸಿದೆ ಎಂಬುದನ್ನು ನೋಡಿದರೆ ಸಾಕು. 10,000 ಓದುಗರು 5,040 ಮತ್ತು 4,960 ಎಂದು ಹಂಚಿಹೋದರೆ ವ್ಯತ್ಯಾಸ 80. ಹತ್ತು ಸಾವಿರದ ವರ್ಗಮೂಲ 100, ಚಿಂತೆಯಿಲ್ಲ. 5,300 ಮತ್ತು 4,700 ಆದರೆ ವ್ಯತ್ಯಾಸ 600, ಅಂದರೆ ಆರು ಪಟ್ಟು. ಸರಿಯಾದ ನಾಣ್ಯ ಹೀಗೆ ಬೀಳುವುದು ತೀರಾ ಅಪರೂಪ. ಒಂದು ತಲೆಬರಹದ ಪುಟ ನಿಧಾನವಾಗಿ ತೆರೆದು ಕೆಲವರು ಎಣಿಕೆಗೆ ಸೇರುವ ಮುಂಚೆಯೇ ಹೊರಟುಹೋಗಿರಬಹುದು, ಇಲ್ಲವೇ ಹಂಚುವ ಪ್ರೋಗ್ರಾಮಿನಲ್ಲೇ ತಪ್ಪಿರಬಹುದು. ಕಾರಣ ಸಿಗುವವರೆಗೆ ಆ ಪರೀಕ್ಷೆಯ ಕ್ಲಿಕ್‌ಗಳನ್ನು ಹೋಲಿಸುವ ಹಾಗಿಲ್ಲ.