ಹೋಗಲೋ, ಬೇಡವೋ? ಹತ್ತು ಎಲೆಗಳ ಉತ್ತರ

1973ರ ಬಾಂಡ್ ಚಿತ್ರ 'ಲಿವ್ ಅಂಡ್ ಲೆಟ್ ಡೈ' ನೋಡಿದವರು ಎಲೆ ಹಾಕಿ ಭವಿಷ್ಯ ಹೇಳುವ ಸಾಲಿಟೇರಳನ್ನು ಮರೆತಿರಲಾರರು. ಬಾಂಡ್ ಮಹಾಶಯ ಇಡೀ ಕಟ್ಟನ್ನೇ 'ಪ್ರೇಮಿಗಳು' ಎಂಬ ಎಲೆಯಿಂದ ತುಂಬಿಸಿ ಅವಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾನೆ! ಬೇಕಾದ ಉತ್ತರವನ್ನು ಮೊದಲೇ ಮನಸ್ಸಲ್ಲಿಟ್ಟುಕೊಂಡು ಟ್ಯಾರೋ ಎಲೆ ಎತ್ತಿದರೆ ನಿಮಗೂ ಅದೇ ಗತಿ.

ಈ ವಾರದ ಪ್ರಶ್ನೆ ಸ್ವಲ್ಪ ಸಿಕ್ಕಿನದು. ಒಬ್ಬ ತರುಣ ಎರಡು ವರ್ಷ ಬೆಂಗಳೂರಿನಲ್ಲಿ ಸಂಕಲನದ ಕೆಲಸ ಕಲಿತಿದ್ದಾನೆ ಎನ್ನಿ. ಹೈದರಾಬಾದಿನಿಂದ ಕರೆ ಬಂದಿದೆ. ಊರಲ್ಲಿ ಅಪ್ಪನಿಗೆ ವಯಸ್ಸಾಗಿದೆ, ಅಂಗಡಿ ನೋಡುವವರಿಲ್ಲ, ತಂಗಿಯ ಮದುವೆಗೆ ದುಡ್ಡು ಕೂಡಬೇಕು. ಹೋಗಲೋ, ಬೇಡವೋ? ಹೀಗೆ ಕೇಳಿದರೆ ಎಲೆ ಬಾಯಿ ಬಿಡೋದಿಲ್ಲ. "ನಾನು ಹೋದರೆ ನನಗೂ ಮನೆಗೂ ಏನಾಗುತ್ತದೆ?" ಎಂದು ಒಂದೇ ಪ್ರಶ್ನೆ ಮಾಡಿಕೊಳ್ಳಬೇಕು.

ಇಂಥದ್ದಕ್ಕೆ ಹೇಳಿ ಮಾಡಿಸಿದ್ದು ಕೆಲ್ಟಿಕ್ ಕ್ರಾಸ್. ಇದನ್ನು ಜನರಿಗೆ ಪರಿಚಯಿಸಿದವನು ಇಂಗ್ಲೆಂಡಿನ ಎ. ಇ. ವೇಟ್. 1909ರಲ್ಲಿ ಹೊರಬಂದ ಅವನ 78 ಎಲೆಗಳ ಕಟ್ಟಿಗೆ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಕೇಳುವವನ ಗುರುತಿಗೆ ಒಂದು ಎಲೆ ಮೊದಲೇ ಆರಿಸಿ ನಡುವೆ ಇಡಿ. ಉಳಿದದ್ದನ್ನು ಕಲೆಸಿ, ಮೂರು ಸಲ ಕಟ್ ಮಾಡಿ, ಮೇಲಿನಿಂದ ಎತ್ತಿ.

ಮೊದಲನೆಯ ಎಲೆ ಗುರುತಿನ ಎಲೆಯ ಮೇಲೆ ಕೂರುತ್ತದೆ. ಅದು ಈಗಿನ ಸ್ಥಿತಿ. ನಮ್ಮ ತರುಣನಿಗೆ ಬಂದದ್ದು ದಂಡದ ಎರಡು. ಕೈಯಲ್ಲಿ ಭೂಗೋಳ ಹಿಡಿದವನೊಬ್ಬ ಕೋಟೆ ಗೋಡೆಯಿಂದ ದೂರಕ್ಕೆ ನೋಡುತ್ತಿದ್ದಾನೆ, ಕಾಲು ಮಾತ್ರ ಎತ್ತಿಲ್ಲ.

ಎರಡನೆಯದು ಅದರ ಮೇಲೆ ಅಡ್ಡ, ಅದೇ ಅಡ್ಡಿ. ಇದನ್ನು ಯಾವಾಗಲೂ ನೇರ ಎಂದೇ ಓದಬೇಕು. ಬಂದದ್ದು ನಾಣ್ಯದ ಹತ್ತು: ಅಜ್ಜ, ಮಕ್ಕಳು, ನಾಯಿಗಳು, ತುಂಬಿದ ಮನೆ. ಇಷ್ಟು ಒಳ್ಳೆ ಎಲೆ ಅಡ್ಡಿ ಹೇಗಾದೀತು ಎನ್ನಬೇಡಿ. ತಾನಾಗಿ ಒಳ್ಳೆಯದಾದರೂ ಈ ಕೆಲಸಕ್ಕೆ ಒದಗದ ವಸ್ತು ಎಂದು ವೇಟ್ ಅರ್ಥ ಹೇಳುತ್ತಾನೆ. ಮನೆ ಶತ್ರುವಲ್ಲ, ಮನೆಯ ಪ್ರೀತಿಯೇ ಕಟ್ಟಿಹಾಕಿದೆ.

ಮುಂದಿನ ನಾಲ್ಕು ಸುತ್ತ ಬರುತ್ತವೆ. ಮೇಲೆ ಗುರಿ: 'ನಕ್ಷತ್ರ'. ಕೆಳಗೆ ಬುಡ: ನಾಣ್ಯದ ಐದು, ಹಿಮದಲ್ಲಿ ನಡೆಯುವ ಬಡವರಿಬ್ಬರು, ಮನೆಯ ಹಳೇ ಕಷ್ಟದ ಭಯ. ಹಿಂದೆ ಕಳೆದದ್ದು: ನಾಣ್ಯದ ಎಂಟು, ಕೆಲಸ ಕಲಿಯುವ ಹುಡುಗ. ಮುಂದೆ ಬರುವುದು: ದಂಡದ ಎಂಟು, ಬೇಗನೆ ಬರುವ ಸುದ್ದಿ. ಹಿಂದು ಮುಂದು ಯಾವ ಕಡೆ ಎಂದು ಎಲೆ ಹಾಕುವ ಮೊದಲೇ ಗೊತ್ತುಮಾಡಿಕೊಳ್ಳಿ, ಆಮೇಲೆ ಬದಲಾಯಿಸಿದರೆ ಅದು ಮೋಸ.

ಕೊನೆಯ ನಾಲ್ಕು ಬಲಗಡೆ, ಕೆಳಗಿನಿಂದ ಮೇಲಕ್ಕೆ. ನಿಜವಾದ ಗಂಟು ಬಿಚ್ಚುವುದು ಇಲ್ಲೇ. ಏಳನೆಯದು ತಾನು, ಎಂಟನೆಯದು ತನ್ನ ಮನೆ. ಎರಡನ್ನೂ ಜೋಡಿಯಾಗಿಯೇ ಓದಿ. ಏಳರಲ್ಲಿ ಕತ್ತಿಯ ಏಳು ಬಂತು: ಕತ್ತಿಗಳನ್ನು ಹೊತ್ತು ಕಳ್ಳಹೆಜ್ಜೆಯಲ್ಲಿ ಜಾರುವವನು. ಅಂದರೆ ನಮ್ಮ ತರುಣ ಅಪ್ಪನಿಗೆ ಹೇಳದೆ ರಾತ್ರಿ ಬಸ್ಸು ಹತ್ತುವ ಯೋಚನೆಯಲ್ಲಿದ್ದಾನೆ! ಎಂಟರಲ್ಲಿ ನಾಣ್ಯದ ಆರು: ತಕ್ಕಡಿ ಹಿಡಿದು ದುಡ್ಡು ಹಂಚುವ ವರ್ತಕ. ಮನೆ ಕೇಳುತ್ತಿರುವುದು ಇವನ ಮೈಯನ್ನಲ್ಲ, ಲೆಕ್ಕವನ್ನು. ತಿಂಗಳಿಗೆ ಎಷ್ಟು ಕಳಿಸ್ತೀಯ, ಮದುವೆಗೆ ಎಷ್ಟು ಕೊಡ್ತೀಯ? ಇವನು ಓಡಲು ನೋಡುತ್ತಿರುವ ಮಾತು ಇಷ್ಟೇ.

ಒಂಬತ್ತು ಆಸೆ ಮತ್ತು ಭಯ: 'ಚಂದ್ರ', ಮಬ್ಬು ದಾರಿ. ಹತ್ತನೆಯದು ಫಲ: ನಾಣ್ಯದ ಎರಡು. ಒಬ್ಬ ಎರಡು ನಾಣ್ಯ ಆಡಿಸುತ್ತಿದ್ದಾನೆ, ಹಿಂದೆ ಅಲೆಗಳ ಮೇಲೆ ಹಡಗು. ಹೋಗು ಎಂದೂ ಇಲ್ಲ, ಇರು ಎಂದೂ ಇಲ್ಲ.

ಇಂಥಲ್ಲಿ ಕೆಲವರು ಬೇಕಾದ ಎಲೆ ಬರುವ ತನಕ ಮತ್ತೆ ಮತ್ತೆ ಹಾಕುತ್ತಾರೆ. ಅದು ಬಾಂಡನ ಕಟ್ಟು. ವೇಟನ ದಾರಿ ಬೇರೆ: ಹತ್ತನೆಯ ಎಲೆ ಸ್ಪಷ್ಟವಿಲ್ಲದಿದ್ದರೆ ಅದನ್ನೇ ಗುರುತಿನ ಎಲೆಯಾಗಿ ನಡುವೆ ಇಟ್ಟು ಹೊಸದಾಗಿ ಹಾಕಿ. ಆಗ ಪ್ರಶ್ನೆಯೂ ಬದಲಾಗುತ್ತದೆ: "ಎರಡನ್ನೂ ಹೇಗೆ ಆಡಿಸಲಿ?"

ಎಲೆಗೆ ಸಂಬಳದ ಮೊತ್ತ ಗೊತ್ತಿಲ್ಲ, ಅಪ್ಪನ ಮನಸ್ಸೂ ಗೊತ್ತಿಲ್ಲ. ಸಿಕ್ಕಿನ ಪ್ರಶ್ನೆಯನ್ನು ಹತ್ತು ತುಂಡು ಮಾಡಿ ಎದುರಿಗಿಡುತ್ತದೆ, ಅಷ್ಟೇ. ಆದ್ದರಿಂದ ತಮ್ಮಾ, ಎರಡನೇ ಸಲ ಎಲೆ ಹಾಕುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಬರೆದು ಅಪ್ಪನ ಮುಂದಿಡು. ಏಳನೆಯ ಎಲೆ ಬದಲಾಗಬೇಕಾದ್ದು ಅಲ್ಲಿ.