ಮಾರ್ಫಿನ್ ಚೀಟಿಯಲ್ಲಿ ಬಿಟ್ಟುಹೋದ ಸಾಲು

1/5
ಈ ಸಲ ಜಗಳ ಆಡೋಕೇ ಬಂದಿದ್ದೀನಿ. ಅದೂ ಕಕ್ಕಸಿನ ವಿಷಯಕ್ಕೆ. ಮುಖ ಸಿಂಡರಿಸಿಕೊಂಡು ಮುಂದೆ ಹೋಗ್ಬೇಡಿ. ನಾಳೆ ವಾರ್ಡಲ್ಲಿ ನಿಂತು ಮನೆಯವರಿಗೆ ಮಾತ್ರೆ ವಿವರಿಸೋರು ನಾವೇ.

ನಮ್ಮಜ್ಜಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಮನೆಗೆ ಕಳಿಸುವಾಗ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಅಂತ ಬರೆದುಕೊಟ್ಟರು. ಎರಡನೇ ರಾತ್ರಿ ಅಜ್ಜಿ ನರಳದೆ ನಿದ್ದೆ ಮಾಡಿದರು, ಅಮ್ಮ ಖುಷಿಗೆ ಅತ್ತುಬಿಟ್ಟಳು. ಆದರೆ ಆ ಚೀಟಿಯಲ್ಲಿ ಮಲ ಸಲೀಸು ಮಾಡುವ ಔಷಧಿ ಒಂದೂ ಇರಲಿಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರ: "ಬಾಳೆಹಣ್ಣು ಕೊಡಿ, ನೀರು ಜಾಸ್ತಿ ಕುಡಿಸಿ."

2/5
ಬಾಳೆಹಣ್ಣು ಯಾಕೆ ಸಾಲಲ್ಲ? ಮಾರ್ಫಿನ್ ನೋವನ್ನು ತಗ್ಗಿಸುವ ಗ್ರಾಹಕಗಳು ಮಿದುಳಲ್ಲಿ ಮಾತ್ರ ಇಲ್ಲ, ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಅದು ಕರುಳು ಮುಂದಕ್ಕೆ ತಳ್ಳುವ ಚಲನೆಯನ್ನೇ ನಿಧಾನ ಮಾಡುತ್ತೆ. ಮಲ ಒಳಗೇ ನಿಂತಷ್ಟೂ ಅದರ ನೀರನ್ನು ಕರುಳು ಹೀರಿಕೊಂಡು ಕಲ್ಲಾಗಿಸುತ್ತೆ. ತಳ್ಳೋ ಶಕ್ತಿಯೇ ಕುಗ್ಗಿರುವಾಗ ನಾರು ತುಂಬಿಸಿದರೆ ಏನಾಗುತ್ತೆ? ಗಂಟು ದೊಡ್ಡದಾಗುತ್ತೆ. ನೀರು ಸರಿಯಾಗಿ ಕುಡಿಯಲಾರದ ರೋಗಿಗೆ ಇಸಬ್‌ಗೋಲ್ ಕೊಡುವುದೂ ಇದೇ ಕಾರಣಕ್ಕೆ ತಪ್ಪು.

ಇನ್ನೊಂದು ಮಾತು. ಮಾರ್ಫಿನ್ನಿನ ಮಂಪರು, ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತೆ, ದೇಹ ಒಗ್ಗಿಕೊಳ್ಳುತ್ತೆ. ಮಲಬದ್ಧತೆಗೆ ಮಾತ್ರ ದೇಹ ಒಗ್ಗಲ್ಲ. "ಈಗಾಗಲೇ ಅಷ್ಟೊಂದು ಮಾತ್ರೆ ಇದೆ, ತೊಂದರೆ ಬಂದಾಗ ನೋಡೋಣ" ಅನ್ನೋರಿಗೆ ನನ್ನ ಉತ್ತರ ಇಷ್ಟೇ: ಅದು ಬರುತ್ತೆ ಅಂತ ಮೊದಲೇ ಗೊತ್ತಿರೋವಾಗ ಕಾಯೋದು ಯಾರ ಹೊಟ್ಟೆ ಮೇಲೆ?

3/5
ಐದು ದಿನ ಅಜ್ಜಿ ಎರಡಕ್ಕೆ ಹೋಗಲಿಲ್ಲ. ಸಂಕೋಚಕ್ಕೆ ಹೇಳಲೂ ಇಲ್ಲ. ನಾವು ಕೇಳಲೂ ಇಲ್ಲ; ಬಿಪಿ ಬರೆದಿಟ್ಟೆವು, ಇದನ್ನು ಬರೆಯಲಿಲ್ಲ. ಊಟ ಸೇರದ್ದಕ್ಕೆ ಕ್ಯಾನ್ಸರನ್ನು ದೂರಿದೆವು. ಏಳನೇ ದಿನ ಬಟ್ಟೆಯಲ್ಲಿ ನೀರುನೀರಾಗಿ ಆಗಿತ್ತು. "ಭೇದಿ ಶುರುವಾಯ್ತು" ಅಂತ ಚಿಕ್ಕಪ್ಪ ಭೇದಿ ನಿಲ್ಲಿಸೋ ಮಾತ್ರೆ ತಂದರು.

ನೆನಪಿಟ್ಟುಕೊಳ್ಳಿ, ಅದು ಭೇದಿ ಅಲ್ಲ. ಗಟ್ಟಿ ಮಲ ಗುದನಾಳದಲ್ಲಿ ಬಿರಡೆ ಹಾಕಿದಂತೆ ಕೂತಾಗ, ಮೇಲಿನ ನೀರು ಮಲ ಅದರ ಪಕ್ಕದಿಂದ ಸೋರುತ್ತೆ. ಮನೆಗೆ ಬಂದ ಉಪಶಮನ ಆರೈಕೆಯ ನರ್ಸ್ ಕೈಗವಸು ಹಾಕಿ ಬೆರಳಲ್ಲಿ ಪರೀಕ್ಷಿಸಿದ ಮೇಲೇ ನಮಗೆ ಗೊತ್ತಾಗಿದ್ದು. ಗುದದಲ್ಲಿಡುವ ಗ್ಲಿಸರಿನ್ ಮಾತ್ರೆ, ಎನಿಮಾ, ಎರಡು ದಿನದ ಯಾತನೆ.

ಹಾಸಿಗೆ ಸರಿಮಾಡುವಾಗ ದಿಂಬಿನ ಕೆಳಗೆ ಮಾರ್ಫಿನ್ ಮಾತ್ರೆಗಳು ಸಿಕ್ಕಿದವು. ಅಜ್ಜಿ ನುಂಗದೆ ಬಚ್ಚಿಟ್ಟಿದ್ದರು. "ಆ ನೋವಾದ್ರೂ ತಡ್ಕೋತೀನಿ ಕಣೇ, ಇದು ಬೇಡ" ಅಂದರು. ಚೀಟಿಯಲ್ಲಿ ಒಂದು ಸಾಲು ಬಿಟ್ಟಿದ್ದಕ್ಕೆ ನೋವಿನ ಔಷಧಿಯೇ ಕೈತಪ್ಪಿತು.

4/5
ಆ ಸಾಲು ಏನು? ಮಾರ್ಫಿನ್ ಶುರುವಾದ ದಿನವೇ ಕರುಳನ್ನು ಚುರುಕು ಮಾಡುವ ಔಷಧಿ: ಬಿಸಾಕೋಡಿಲ್ ಅಥವಾ ಸೆನ್ನಾ. ಅಜ್ಜಿಗೆ ಆಮೇಲೆ ಬರೆದದ್ದು 5 ಮಿಗ್ರಾಂನ ಬಿಸಾಕೋಡಿಲ್, ರಾತ್ರಿ ಮಲಗುವಾಗ ಎರಡು. ಅದು ಕೆಲಸ ಮಾಡೋಕೆ 6ರಿಂದ 12 ಗಂಟೆ ಬೇಕು, ಹಾಗಾಗಿ ಬೆಳಗ್ಗೆ ಆಗುತ್ತೆ. ಮಲ ಗಟ್ಟಿಯಿದ್ದರೆ ಜೊತೆಗೆ ನೀರು ಹಿಡಿದಿಡುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸ್ತಾರೆ. ಮಾರ್ಫಿನ್ ಪ್ರಮಾಣ ಏರಿದಾಗ ಇದನ್ನೂ ಮತ್ತೆ ನೋಡಬೇಕು. ಡೋಸ್ ವೈದ್ಯರು ಹೇಳಲಿ. ಟ್ರಮಡಾಲ್ ತಗೊಳ್ಳೋರಿಗೂ ಈ ಪ್ರಶ್ನೆ ಕೇಳಿ.

5/5
ಮನೆಯವರ ಕೆಲಸ: ಗೋಡೆ ಕ್ಯಾಲೆಂಡರ್ ಮತ್ತು ಪೆನ್ನು. ದಿನಾ ಒಂದೇ ಪ್ರಶ್ನೆ, "ಇವತ್ತು ಆಯ್ತಾ? ಗಟ್ಟಿನಾ, ಮೆತ್ತಗಾ? ತಿಣುಕಬೇಕಾಯ್ತಾ?" ಏನೂ ತಿನ್ನದ ರೋಗಿಗೂ ಮಲ ಆಗುತ್ತೆ, ಅದಕ್ಕೇ ಕೇಳೋದು ಬಿಡಬೇಡಿ. ಮೂರು ದಿನ ಖಾಲಿ ಇದ್ದರೆ ಫೋನ್ ಮಾಡಿ, ನಾಲ್ಕನೆಯದಕ್ಕೆ ಕಾಯಬೇಡಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ಹಿಂಡುವ ನೋವು ಬಂದರೆ ಕರುಳೇ ಕಟ್ಟಿರಬಹುದು. ಆಗ ಭೇದಿ ಮಾತ್ರೆ ಕೊಡಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಅಜ್ಜಿ ಆಮೇಲೆ ಮಾರ್ಫಿನ್ ಮತ್ತೆ ತಗೊಂಡರು. ಕೊನೆವರೆಗೂ ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕಿದ್ದು ನಾನು. ಇನ್ಮುಂದೆ ವಾರ್ಡಲ್ಲಿ ಮಾರ್ಫಿನ್ ಚೀಟಿ ಕೈಗೆ ಬಂದರೆ, ಎರಡನೇ ಸಾಲು ಎಲ್ಲಿ ಅಂತ ಹುಡುಕಿ. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ, ಅವರು ಸಿಡುಕಿದರೂ ಕೇಳಿ. ಆ ಸಾಲು ಬರೆಸದೆ ರೋಗಿಯನ್ನು ಮನೆಗೆ ಕಳಿಸಬೇಡಿ.