ದೊಡ್ಡಮ್ಮನಿಗೆ ದೊಡ್ಡ ಅಕ್ಷರ



ಕಾಸರಗೋಡಿನ ನಮ್ಮ ದೊಡ್ಡಮ್ಮನಿಗೆ 82. ಕನ್ನಡಕ ಬದಲಿಸಿದರೂ ದ, ಧ ಒಂದೇ ಥರ ಕಾಣುತ್ತವೆ, ಒತ್ತಕ್ಷರ ಬರೀ ಮಸಿಚುಕ್ಕೆ. ಓದಿ ಹೇಳೋಣವೆಂದರೆ ಮೊಮ್ಮಗಳು ಕಲಿತದ್ದು ಮಲಯಾಳ ಮಾಧ್ಯಮದಲ್ಲಿ. ಅಂಗಡಿಯಲ್ಲಿ ದೊಡ್ಡಕ್ಷರದ ಕಾದಂಬರಿ ಕೇಳಿದರೆ ಮಕ್ಕಳ ಪುಸ್ತಕ ತೋರಿಸಿದರು.

ಕೊನೆಗೆ ಎ5 ಅಳತೆಯ ಕಾದಂಬರಿಯನ್ನು ಎ4 ಹಾಳೆಗೆ, ಅಂದರೆ ಶೇ. 141ಕ್ಕೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದೆ. 12 ಪಾಯಿಂಟಿನ ಅಕ್ಷರ 17ಕ್ಕೆ ಬಂತು, ಒತ್ತು ಬಿಡಿಸಿ ಕಂಡಿತು. "ಇದು ಕಾನೂನಿಗೆ ವಿರುದ್ಧ ಅಲ್ವಾ ಸಾರ್?" ಎಂದ ಜೆರಾಕ್ಸಿನವನು. ಅಲ್ಲ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಅಂಗವೈಕಲ್ಯ ಉಳ್ಳವರ ಸ್ವಂತ ಓದಿಗೆ ಇಂಥ ಪ್ರತಿ ಮಾಡಲು ಅವಕಾಶ ಕೊಟ್ಟಿದೆ. ಕಣ್ಣಿನ ಡಾಕ್ಟರ ಚೀಟಿ ಜೊತೆಗಿಟ್ಟುಕೊಂಡರೆ ವಾದ ಬೇಗ ಮುಗಿಯುತ್ತದೆ.

ನಾನು ಎಡವಿದ್ದು ತೂಕದಲ್ಲಿ. 400 ಪುಟ ಎಂದರೆ ಎರಡೂ ಬದಿ ಮುದ್ರಿಸಿದರೂ 200 ಹಾಳೆ, ಸುಮಾರು ಒಂದು ಕಿಲೋ. ದೊಡ್ಡಮ್ಮ ಎತ್ತಲಾರದೆ ಬದಿಗಿಟ್ಟರು. 40 ಹಾಳೆಯ ಐದು ಸ್ಪೈರಲ್ ಕಟ್ಟು ಮಾಡಿಸಿದ ಮೇಲೆ ಒಂದೊಂದೂ 200 ಗ್ರಾಂ ಚಿಲ್ಲರೆ, ತೊಡೆಯ ಮೇಲೆ ಬಿಚ್ಚಿಕೊಂಡು ಕೂರುತ್ತದೆ.

ರಾತ್ರಿ ಕಣ್ಣು ದಣಿದಾಗ ಧ್ವನಿಯೇ ಗತಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದನ್ನು ಫೋನು ಸಾಮಾನ್ಯವಾಗಿ ಓದಿ ಹೇಳುವುದಿಲ್ಲ. ಅದಕ್ಕೇ ಅತ್ತಿಗೆ ದಿನಕ್ಕೊಂದು ಅಧ್ಯಾಯ ಓದಿ ರೆಕಾರ್ಡ್ ಮಾಡುತ್ತಾರೆ. ಈಗ ಮೊಮ್ಮಗಳೂ ಪಕ್ಕದಲ್ಲಿ ಕೂತು ಕೇಳುತ್ತಾಳೆ.